‘ರೌಂಡ್’ ಆದ ಮೇಲೆ ನೌನ್ ಇದೆ, ಆದ್ರೂ ಪ್ರಿಪೊಸಿಷನ್ ಅಲ್ವಂತೆ. ಯಾಕೆ?

ಕಾರಟಗಿ ಕಿರಾಣಿ
ಇಂಗ್ಲಿಷ್ ಗ್ರಾಮರ್ ಗೊತ್ತಿದ್ದವರು ಸ್ವಲ್ಪ ನೋಡಿ ಹೇಳಿ. ಮಗಳು ಎಂಟನೇ ಕ್ಲಾಸು. ಟೆಸ್ಟ್‌ನಲ್ಲಿ ಐದು ವಾಕ್ಯ ಕೊಟ್ಟು, ಗೆರೆ ಎಳೆದ ಪದ ಯಾವ ‘ಪಾರ್ಟ್ ಆಫ್ ಸ್ಪೀಚ್’ ಅಂತ ಕೇಳಿದ್ದಾರೆ. ಐದರಲ್ಲೂ ಗೆರೆ ಎಳೆದಿದ್ದು ಒಂದೇ ಪದಕ್ಕೆ, ‘ರೌಂಡ್’.

‘ದಿ ಅರ್ಥ್ ಈಸ್ ರೌಂಡ್.’
‘ಶಿ ವನ್ ದಿ ಫಸ್ಟ್ ರೌಂಡ್.’
‘ದಿ ಶಿಪ್ಸ್ ರೌಂಡ್ ದಿ ಕೇಪ್ ಇನ್ ಜೂನ್.’
‘ವಿ ವಾಕ್ಡ್ ರೌಂಡ್ ದಿ ಟೆಂಪಲ್.’
‘ದಿ ಫ್ಯಾನ್ ವೆಂಟ್ ರೌಂಡ್ ಆಲ್ ನೈಟ್.’

ಅಡ್ಜೆಕ್ಟಿವ್, ನೌನ್, ವರ್ಬ್, ಪ್ರಿಪೊಸಿಷನ್ ಅಂತ ಮೊದಲಿನ ನಾಲ್ಕು ಸರಿ ಬರೆದಿದ್ದಾಳೆ. ಐದನೆಯದಕ್ಕೂ ಪ್ರಿಪೊಸಿಷನ್ ಅಂತ ಬರೆದಳು, ತಪ್ಪು ಅಂತ ಕೆಂಪು ಗೆರೆ ಬಿತ್ತು. ಅಡ್ವರ್ಬ್ ಅಂತೆ. ಅವಳ ವಾದ ಏನಂದ್ರೆ, ಕ್ಲಾಸ್‌ನಲ್ಲೇ ಹೇಳಿಕೊಟ್ಟಿದ್ದು, ‘ಆದ ಮೇಲೆ ನೌನ್ ಬಂದ್ರೆ ಪ್ರಿಪೊಸಿಷನ್, ಬರದಿದ್ರೆ ಅಡ್ವರ್ಬ್’ ಅಂತ. ‘ನೈಟ್’ ನೌನ್ ತಾನೆ? ನನಗೆ ಉತ್ತರ ಕೊಡೋಕೆ ಆಗಲಿಲ್ಲ. ಸೋಮವಾರ ಮಿಸ್ ಹತ್ತಿರ ಕೇಳ್ತೀನಿ ಅಂತ ಕೂತಿದ್ದಾಳೆ.

ಸಿಂಧನೂರು ಸೋನಾ
ರಾತ್ರಿಯೆಲ್ಲಾ ಫ್ಯಾನ್ ತಿರುಗಿತಂತಾ? ಇದು ನಮ್ಮ ಕಡೆ ಬರೆದ ಪ್ರಶ್ನೆಪತ್ರಿಕೆ ಅಲ್ಲ ಬಿಡಿ. ಏಪ್ರಿಲ್‌ನಲ್ಲಿ ಇಲ್ಲಿ ಬಂದು ಮಲಗಿ ನೋಡಲಿ.

ಪಿಡಿಒ ಕನಸು
ಸರ್ ಇದು ಸುಲಭ. ವರ್ಬ್ ಆದ ಮೇಲೆ ಬಂದ್ರೆ ಅಡ್ವರ್ಬ್. ‘ವೆಂಟ್’ ವರ್ಬ್, ಅದರ ಪಕ್ಕ ‘ರೌಂಡ್’. ಮುಗೀತು. ನಾನು ರಾಯಚೂರಿನಲ್ಲಿ ಕೋಚಿಂಗ್ ತಗೊಳ್ತಿದ್ದೀನಿ, ಅಲ್ಲಿ ಹೀಗೇ ಹೇಳಿಕೊಟ್ಟಿದ್ದಾರೆ. ಹಿಂದಿನ ಪದ ನೋಡಿ, ಟಿಕ್ ಮಾಡಿ, ಮುಂದಕ್ಕೆ ಹೋಗಿ.

ಕಾರಟಗಿ ಕಿರಾಣಿ
ಹಂಗಾದ್ರೆ ನಾಲ್ಕನೇ ವಾಕ್ಯದಲ್ಲೂ ‘ವಾಕ್ಡ್’ ವರ್ಬ್ ಅಲ್ವೇನಪ್ಪ? ಅದರ ಪಕ್ಕದಲ್ಲೇ ‘ರೌಂಡ್’ ಇದೆ. ಅದು ಯಾಕೆ ಪ್ರಿಪೊಸಿಷನ್?

ಪಿಡಿಒ ಕನಸು
ಅದು ಎಕ್ಸೆಪ್ಷನ್ ಇರಬೇಕು ಸರ್.

ಗಂಗಾವತಿ ಟೀಚರ್
ಎಕ್ಸೆಪ್ಷನ್ ಅಲ್ಲ ತಮ್ಮ. ಹಿಂದಿನ ಪದ ಮಾತ್ರ ನೋಡಿದರೆ ಇಂಥ ಕಡೆ ಸಿಕ್ಕಿಹಾಕಿಕೊಳ್ತೀರಿ.

ಅಣ್ಣಾವ್ರೇ, ನಿಮ್ಮ ಮಗಳು ಕಲಿತ ನಿಯಮ ಮುಕ್ಕಾಲು ಭಾಗ ಸರಿ. ನೌನ್ ಬಂದರೆ ಸಾಲದು, ಆ ನೌನ್ ‘ರೌಂಡ್’ಗೆ ಸೇರಿದ್ದಾಗಿರಬೇಕು. ‘ವಿ ವಾಕ್ಡ್ ರೌಂಡ್ ದಿ ಟೆಂಪಲ್’ ಅಂದಾಗ ಸುತ್ತು ಹಾಕಿದ್ದು ಯಾವುದಕ್ಕೆ? ಗುಡಿಗೆ. ಸರಿ. ಈಗ ಫ್ಯಾನಿಗೆ ಅದೇ ಪ್ರಶ್ನೆ ಹಾಕಿ. ಫ್ಯಾನು ಸುತ್ತು ಹಾಕಿದ್ದು ಯಾವುದಕ್ಕೆ? ರಾತ್ರಿಗಾ? ಇಲ್ಲ, ಅದು ತನ್ನಷ್ಟಕ್ಕೆ ತಿರುಗಿತು. ‘ಆಲ್ ನೈಟ್’ ಅನ್ನೋದು ಎಷ್ಟು ಹೊತ್ತು ತಿರುಗಿತು ಅನ್ನೋದಕ್ಕೆ ಉತ್ತರ. ಅದು ‘ವೆಂಟ್’ಗೆ ಸೇರಿದ್ದು. ‘ರೌಂಡ್’ ಪಕ್ಕದಲ್ಲಿ ಕೂತಿದೆ, ಅಷ್ಟೇ.

ಮಕ್ಕಳಿಗೆ ನಾನು ಮಾಡಿಸೋದು ‘ಇಟ್’ ಪರೀಕ್ಷೆ. ನೌನ್ ಇರುವ ಜಾಗಕ್ಕೆ ‘ಇಟ್’ ಹಾಕಿ ಓದಿಸ್ತೀನಿ. ‘ವಿ ವಾಕ್ಡ್ ರೌಂಡ್ ಇಟ್.’ ಸರಿ ಬಂತು, ಪ್ರಿಪೊಸಿಷನ್. ‘ದಿ ಫ್ಯಾನ್ ವೆಂಟ್ ರೌಂಡ್ ಇಟ್’ ಅಂದ್ರೆ ಫ್ಯಾನು ಗೋಡೆಯಿಂದ ಕಿತ್ತುಕೊಂಡು ಯಾವುದೋ ವಸ್ತುವಿನ ಸುತ್ತ ಪ್ರದಕ್ಷಿಣೆ ಹಾಕಿದ ಹಾಗಾಯ್ತು. ಮಕ್ಕಳು ನಗ್ತಾರೆ. ನಕ್ಕರೆ ಅರ್ಥ ಆಗಿದೆ ಅಂತ.

ಇನ್ನೊಂದು ಇದೆ. ‘ಆಲ್ ನೈಟ್’ ಎರಡೇ ಪದ ಎತ್ತಿ ವಾಕ್ಯದ ಮುಂದೆ ಇಡಿ. ‘ಆಲ್ ನೈಟ್ ದಿ ಫ್ಯಾನ್ ವೆಂಟ್ ರೌಂಡ್.’ ಏನೂ ಕೆಡಲಿಲ್ಲ. ಗುಡಿಯನ್ನು ಹಾಗೆ ಕಿತ್ತರೆ ‘ರೌಂಡ್’ ಬಾಯಿ ತೆರೆದುಕೊಂಡು ನಿಲ್ಲುತ್ತೆ.

ಶಕ್ತಿನಗರ ಶಿಫ್ಟ್
ಮೇಡಂ, ಕೊನೇದು ಒಪ್ಪೋಕೆ ಆಗಲ್ಲ. ‘ದಿ ಟೆಂಪಲ್ ವಿ ವಾಕ್ಡ್ ರೌಂಡ್ ವಾಸ್ ಓಲ್ಡ್.’ ಇಲ್ಲಿ ಗುಡಿ ಮುಂದೆ ಹೋಗಿ ಕೂತಿದೆ, ‘ರೌಂಡ್’ ಆದ ಮೇಲೆ ಇರೋದು ‘ವಾಸ್’. ವಾಕ್ಯ ಪೂರ್ತಿ ಸರಿ ಇದೆ. ಈಗ ‘ರೌಂಡ್’ ಏನು?

ಪಿಡಿಒ ಕನಸು
ನೌನ್ ಇಲ್ಲ, ಅಡ್ವರ್ಬ್.

ಗಂಗಾವತಿ ಟೀಚರ್
ಅಲ್ಲ, ಪ್ರಿಪೊಸಿಷನ್ನೇ. ಶಿಫ್ಟ್ ಸರ್ ಹೇಳಿದ್ದು ಸರಿ, ಎತ್ತಿ ಇಡುವ ಪರೀಕ್ಷೆ ಉದ್ದದ ವಾಕ್ಯಕ್ಕೆ ನಡೆಯಲ್ಲ. ಅಂಥ ವಾಕ್ಯವನ್ನು ಮೊದಲು ಬಿಚ್ಚಿ ಎರಡು ಮಾಡಬೇಕು. ‘ದಿ ಟೆಂಪಲ್ ವಾಸ್ ಓಲ್ಡ್. ವಿ ವಾಕ್ಡ್ ರೌಂಡ್ ಇಟ್.’ ಬಿಚ್ಚಿದಾಗ ‘ಇಟ್’ ಬಂತಲ್ಲ? ಹಾಗಾದ್ರೆ ಗುಡಿ ಇನ್ನೂ ‘ರೌಂಡ್’ಗೇ ಸೇರಿದ್ದು, ಜಾಗ ಮಾತ್ರ ಬದಲಾಗಿದೆ. ಎಂಟನೇ ಕ್ಲಾಸಿಗೆ ಇಷ್ಟು ಕೇಳಲ್ಲ ಅಂತ ಬಿಟ್ಟಿದ್ದೆ.

ಬಳ್ಳಾರಿ ಜೀನ್ಸ್
ನಮ್ಮ ಕಡೆ ರೌಂಡ್ ಅಂದ್ರೆ ಸೊಂಟದ ಅಳತೆ. ‘32 ರೌಂಡ್’ ಅಂದ್ರೆ 32 ಇಂಚು. ಟೀಶರ್ಟ್ ಆದ್ರೆ ರೌಂಡ್ ನೆಕ್. ಲೈಟ್ ಅಂದ್ರೆ ವಾಷಿಂಗ್‌ನಲ್ಲಿ ತಿಳಿ ಬಣ್ಣ, ಡಾರ್ಕ್ ಅಂದ್ರೆ ಗಾಢ. ಇದರಲ್ಲಿ ಗೊಂದಲ ಏನಿದೆ? ಯೂನಿಟ್‌ನಲ್ಲಿ ಹತ್ತು ವರ್ಷದ ಹುಡುಗ ಬಂದು ಕೇಳಿದ್ರೂ ಹೇಳ್ತಾರೆ.

ಸಿಂಧನೂರು ಸೋನಾ
ಅಣ್ಣಾ, ಅರ್ಥ ಕೇಳ್ತಿಲ್ಲ ಅವರು. ವಾಕ್ಯದಲ್ಲಿ ಆ ಪದ ಏನು ಕೆಲಸ ಮಾಡ್ತಿದೆ ಅಂತ ಕೇಳ್ತಿದ್ದಾರೆ.

ಬಳ್ಳಾರಿ ಜೀನ್ಸ್
ಅರ್ಥ ಗೊತ್ತಾದ ಮೇಲೆ ಕೆಲಸ ಕಟ್ಟಿಕೊಂಡು ಏನು ಮಾಡ್ತೀರಿ?

ಗಂಗಾವತಿ ಟೀಚರ್
ಜೀನ್ಸ್ ಅಣ್ಣಾ, ನಿಮ್ಮ ‘ಲೈಟ್’ ಇಟ್ಟುಕೊಂಡೇ ತೋರಿಸ್ತೀನಿ. ‘ಲೈಟ್ ಬ್ಯಾಗ್’, ‘ಲೈಟ್ ಪೋಲ್’. ಎರಡರಲ್ಲೂ ‘ಲೈಟ್’ ಒಂದು ನೌನ್ ಮುಂದೆ ನಿಂತಿದೆ. ಎರಡೂ ಅಡ್ಜೆಕ್ಟಿವ್ ಅಂತ ಅರ್ಧ ಕ್ಲಾಸು ಬರೆಯುತ್ತೆ. ಈಗ ಮುಂದೆ ‘ವೆರಿ’ ಸೇರಿಸಿ. ‘ವೆರಿ ಲೈಟ್ ಬ್ಯಾಗ್’ ಅಂದ್ರೆ ತುಂಬಾ ಹಗುರದ ಚೀಲ, ಅರ್ಥ ಉಳಿಯಿತು. ‘ವೆರಿ ಲೈಟ್ ಪೋಲ್’ ಅಂದ ಕೂಡಲೆ ನಮ್ಮ ಓಣಿಯ ಲೈಟ್ ಕಂಬ ಹೋಗಿ ಹಗುರದ ಕಂಬ ಬಂದುಬಿಡ್ತು. ಅಂದ್ರೆ ಲೈಟ್ ಕಂಬದ ‘ಲೈಟ್’ ಅಡ್ಜೆಕ್ಟಿವ್ ಅಲ್ಲ, ಅದು ನೌನ್. ಇನ್ನೊಂದು ನೌನ್ ಯಾವ ಥರದ್ದು ಅಂತ ಹೇಳೋಕೆ ಮುಂದೆ ನಿಂತಿದೆ.

‘ಲೈಟರ್ ಬ್ಯಾಗ್’ ಅಂತ ಹೋಲಿಸಿ ಹೇಳಬಹುದು. ಕರೆಂಟ್ ಕಂಬಕ್ಕೆ ಹಾಗೆ ಹೇಳೋಕೆ ಬರಲ್ಲ.

ಬಳ್ಳಾರಿ ಜೀನ್ಸ್
ನಮ್ಮ ಲೈಟ್ ವಾಷ್‌ಗೆ ವೆರಿ ಹಾಕಬಹುದು. ವೆರಿ ಲೈಟ್ ವಾಷ್ ಆರ್ಡರ್ ಬರುತ್ತೆ. ಹಂಗಾದ್ರೆ ಅಡ್ಜೆಕ್ಟಿವ್?

ಗಂಗಾವತಿ ಟೀಚರ್
ಹೂಂ, ಅಡ್ಜೆಕ್ಟಿವ್. ನೋಡಿ, ನೀವೇ ಮಾಡಿಬಿಟ್ರಿ.

ಪಿಡಿಒ ಕನಸು
ಮೇಡಂ ನಮ್ಮ ಗೈಡಲ್ಲಿ ‘ಸ್ಟೋನ್ ವಾಲ್’ನಲ್ಲಿ ‘ಸ್ಟೋನ್’ ಅಡ್ಜೆಕ್ಟಿವ್ ಅಂತ ಕೊಟ್ಟಿದ್ದಾರಲ್ಲ?

ಗಂಗಾವತಿ ಟೀಚರ್
ಹಳೇ ಶಾಲಾ ಗ್ರಾಮರ್‌ಗಳಲ್ಲಿ ಹಾಗೆ ಬರೆಯೋರು ಇದ್ದಾರೆ, ‘ನೌನ್ ಯೂಸ್ಡ್ ಆಸ್ ಅಡ್ಜೆಕ್ಟಿವ್’ ಅಂತ. ಪರೀಕ್ಷೆಯಲ್ಲಿ ಆಯ್ಕೆಗಳು ಏನಿವೆ ಅಂತ ಪೂರ್ತಿ ಓದಿ ಆಮೇಲೆ ಟಿಕ್ ಮಾಡಿ. ನನ್ನನ್ನು ಕೇಳಿದ್ರೆ ‘ವೆರಿ ಸ್ಟೋನ್’ ಅಂತ ಯಾರೂ ಹೇಳಲ್ಲ, ಆದ್ದರಿಂದ ನೌನ್.

ಶಕ್ತಿನಗರ ಶಿಫ್ಟ್
‘ವೆರಿ’ಯನ್ನೂ ಪೂರ್ತಿ ನಂಬಬೇಡಿ. ‘ಮೇನ್ ರೋಡ್’ನ ‘ಮೇನ್’ ಅಡ್ಜೆಕ್ಟಿವ್ ಅಂತ ಎಲ್ಲ ಡಿಕ್ಷನರಿಯಲ್ಲೂ ಇದೆ. ‘ವೆರಿ ಮೇನ್ ರೋಡ್’ ಅನ್ನೋಕೆ ಬರುತ್ತಾ? ಪರೀಕ್ಷೆ ಪಾಸಾದರೆ ಅಡ್ಜೆಕ್ಟಿವ್ ಅಂತ ಧೈರ್ಯವಾಗಿ ಹೇಳಿ. ಫೇಲಾದರೆ ಇನ್ನೊಂದು ಸಲ ಯೋಚನೆ ಮಾಡಿ.

ಗಂಗಾವತಿ ಟೀಚರ್
ಅದು ಸರಿ. ಒಂದೇ ಪರೀಕ್ಷೆ ಹಿಡಿದುಕೊಂಡು ಕೂರಬಾರದು.

ಮತ್ತೆ ಪಿಡಿಒ ತಮ್ಮಾ, ನಿಮ್ಮ ‘ವರ್ಬ್ ಪಕ್ಕದಲ್ಲಿ ಅಡ್ವರ್ಬ್’ ನಿಯಮಕ್ಕೆ ಒಂದು ಲೆಕ್ಕ ಬಾಕಿ ಇದೆ. ‘ದಿ ಬಾಯ್ ಲುಕ್ಡ್ ರೌಂಡ್.’ ‘ದಿ ಮೂನ್ ಲುಕ್ಡ್ ರೌಂಡ್.’ ಎರಡೂ ವಾಕ್ಯ ಅಚ್ಚು ಒಂದೇ ಥರ. ಎರಡೂ ಅಡ್ವರ್ಬಾ?

ಪಿಡಿಒ ಕನಸು
ಹೂಂ ಅನ್ನಿಸುತ್ತೆ... ಆದ್ರೆ ನೀವು ಕೇಳಿದ ರೀತಿ ನೋಡಿದ್ರೆ ಅಲ್ಲ ಅನ್ನಿಸುತ್ತೆ.

ಕಾರಟಗಿ ಕಿರಾಣಿ
ಮಗಳಿಗೆ ಕೇಳಿದೆ. ಹುಡುಗ ಹಿಂದಕ್ಕೆ ತಿರುಗಿ ನೋಡಿದ, ಚಂದ್ರ ದುಂಡಗೆ ಕಾಣಿಸಿದ ಅಂತಾಳೆ. ಚಂದ್ರನದು ಅಡ್ಜೆಕ್ಟಿವ್ ಅಂತೆ. ಯಾಕೆ ಅಂದ್ರೆ ‘ವೆರಿ ರೌಂಡ್’ ಅನ್ನಬಹುದಂತೆ. ಮೇಲಿನ ಕಾಮೆಂಟ್ ಎಲ್ಲಾ ಓದ್ತಿದ್ದಾಳೆ.

ಗಂಗಾವತಿ ಟೀಚರ್
ಶಭಾಷ್ ಪುಟ್ಟಿ. ‘ಲುಕ್ಡ್’ ತೆಗೆದು ‘ವಾಸ್’ ಹಾಕಿದರೂ ಗೊತ್ತಾಗುತ್ತೆ. ‘ದಿ ಮೂನ್ ವಾಸ್ ರೌಂಡ್’ ಅಂದರೆ ಅರ್ಥ ಹತ್ತಿರವೇ ಉಳಿಯಿತು. ‘ದಿ ಬಾಯ್ ವಾಸ್ ರೌಂಡ್’ ಅಂದ್ರೆ ಹುಡುಗ ದಪ್ಪಗಿದ್ದ ಅಂತಾಯ್ತು. ಚಂದ್ರನ ವಾಕ್ಯದಲ್ಲಿ ‘ರೌಂಡ್’ ಚಂದ್ರ ಹೇಗಿದ್ದ ಅಂತ ಹೇಳುತ್ತೆ. ಹುಡುಗನ ವಾಕ್ಯದಲ್ಲಿ ಎತ್ತ ನೋಡಿದ ಅಂತ ಹೇಳುತ್ತೆ. ‘ಲುಕ್’, ‘ಸೀಮ್’, ‘ಫೀಲ್’, ‘ಟೇಸ್ಟ್’ ಬಂದಾಗೆಲ್ಲ ಇದನ್ನು ಮಾಡಿ ನೋಡಿ. ಪರೀಕ್ಷೆಯಲ್ಲಿ ಬೀಳಿಸೋದೇ ಈ ಜಾಗದಲ್ಲಿ.

ಹಳೇ ಮೇಷ್ಟ್ರು, ಕುಷ್ಟಗಿ
ಕನ್ನಡ ಪಾಠ ಮಾಡಿದವನು ನಾನು, ಇಂಗ್ಲಿಷಿಗೆ ಕೈ ಹಾಕಬಾರದು. ಆದರೂ ಒಂದು ಮಾತು. ಮಕ್ಕಳಿಗೆ ಇದು ಯಾಕೆ ಕಷ್ಟ ಅಂದರೆ, ನಮ್ಮ ಭಾಷೆಯಲ್ಲಿ ಪದದ ಕೊನೆಯಲ್ಲಿ ಗುರುತು ಇರುತ್ತೆ. ‘ಗುಡಿಯ ಮೇಲೆ ಹತ್ತಿದ’ ಅಂದಾಗ ‘ಗುಡಿಯ’ ಅನ್ನೋ ರೂಪವೇ ತಾನು ‘ಮೇಲೆ’ಗೆ ಸೇರಿದವನು ಅಂತ ಹೇಳಿಬಿಡುತ್ತೆ. ‘ರಾತ್ರಿಯೆಲ್ಲಾ ಮೇಲೆ ಇದ್ದ’ ಅಂದರೆ ರಾತ್ರಿಗೂ ‘ಮೇಲೆ’ಗೂ ಸಂಬಂಧ ಇಲ್ಲ ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಇದು ನಿಮ್ಮ ಫ್ಯಾನಿನ ವಾಕ್ಯವೇ ಅಲ್ಲವೇ? ಇಂಗ್ಲಿಷಿನಲ್ಲಿ ‘ಟೆಂಪಲ್’, ‘ನೈಟ್’ ಎರಡೂ ಬೋಳು ಬೋಳಾಗಿ ನಿಲ್ಲುತ್ತವೆ. ಯಾರು ಯಾರಿಗೆ ಸೇರಿದವರು ಅಂತ ನಾವೇ ಹುಡುಕಬೇಕು.

ಇನ್ನೊಂದು ಗಮನಿಸಿ. ಆ ಪದಗಳನ್ನು ನಾವು ತಂದುಕೊಂಡ ಮೇಲೆ ಹೇಗೆ ಬಳಸ್ತೀವಿ? ‘ಲೈಟಾಗಿ ಮಳೆ ಬಂತು’, ‘ರೌಂಡಾಗಿ ಕತ್ತರಿಸು’, ‘ಊರಲ್ಲಿ ಒಂದು ರೌಂಡ್ ಹೊಡೆದು ಬಂದೆ’. ‘ಆಗಿ’ ಸೇರಿಸದೆ, ‘ಹೊಡಿ’ ‘ಹಾಕು’ ‘ಮಾಡು’ ಸೇರಿಸದೆ ಬಿಡೋದಿಲ್ಲ. ‘ನಾನು ಊರು ರೌಂಡಿದೆ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಸಿಂಧನೂರು ಸೋನಾ
ನಮ್ಮ ಕಾಲೇಜು ಹುಡುಗರು ನಾಳೆ ಹೇಳಿದ್ರೂ ಹೇಳ್ತಾರೆ ಮೇಷ್ಟ್ರೇ 😄 ಆದ್ರೆ ಕನ್ನಡದಲ್ಲೂ ಬೋಳು ಪದ ಇವೆಯಲ್ಲ? ‘ಹಾಡು ಹಾಡು’, ‘ಓದು ಓದು’. ಆಮೇಲೆ ‘ಆಡು’. ಮೇಕೆನೂ ಆಡು, ಆಟ ಆಡೋದೂ ಆಡು.

ಹಳೇ ಮೇಷ್ಟ್ರು, ಕುಷ್ಟಗಿ
ಮೊದಲನೆಯದು ಸರಿ. ‘ಹಾಡು’ ಒಂದೇ ಪದ, ಎರಡು ಕೆಲಸ. ‘ಹಾಡನ್ನು’ ಅಂದರೆ ನಾಮಪದ, ‘ಹಾಡಿದ’ ಅಂದರೆ ಕ್ರಿಯಾಪದ. ‘ಆಡು’ ಹಾಗಲ್ಲ. ಮೇಕೆಗೂ ಆಟಕ್ಕೂ ನಂಟಿಲ್ಲ, ಅವು ಎರಡು ಬೇರೆ ಪದ, ಕೇಳೋಕೆ ಒಂದೇ ಥರ ಇವೆ.

ಶಕ್ತಿನಗರ ಶಿಫ್ಟ್
‘ಲೈಟ್’ ಕಥೆಯೂ ಇದೇ. ಬೆಳಕಿನ ಲೈಟು, ಹಗುರದ ಲೈಟು ಒಂದೇ ಪದ ಬೇರೆ ಬೇರೆ ಕೆಲಸ ಮಾಡ್ತಿದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಮೂಲದಲ್ಲೇ ಎರಡು ಬೇರೆ ಪದ, ಕಾಲ ಕಳೆದಂತೆ ಸ್ಪೆಲಿಂಗ್ ಒಂದಾಗಿಬಿಟ್ಟಿದೆ. ಇಂಗ್ಲಿಷಿನ ನೆಂಟ ಜರ್ಮನ್‌ನಲ್ಲಿ ಇವತ್ತಿಗೂ ಬೇರೆ ಬೇರೆ, ಬೆಳಕಿಗೆ ‘ಲಿಖ್ಟ್’, ಹಗುರಕ್ಕೆ ‘ಲೈಖ್ಟ್’. ಆದರೆ ‘ರೌಂಡ್’ ಒಂದೇ ಪದ. ಫ್ರೆಂಚ್‌ನಿಂದ ಬಂತು, ಇಲ್ಲಿಗೆ ಬಂದು ಐದು ಕೆಲಸ ಹಿಡಿಯಿತು. ಹಳೇ ಇಂಗ್ಲಿಷಿನಲ್ಲಿ ನಮ್ಮ ಹಾಗೆ ಪದದ ಕೊನೆಗೆ ಗುರುತು ಜಾಸ್ತಿ ಇದ್ದವು. ಅವು ಉದುರಿ ಹೋದ ಮೇಲೆ ಒಂದು ಪದ ನೌನ್‌ನಿಂದ ವರ್ಬ್‌ಗೆ ಹಾರೋದು ಸುಲಭ ಆಯ್ತು.

ಬಳ್ಳಾರಿ ಜೀನ್ಸ್
ತಿಳಿ ಬಣ್ಣದ ಲೈಟ್ ಯಾವ ಕಡೆದು? ಬೆಳಕಿಂದಾ, ಹಗುರದ್ದಾ?

ಶಕ್ತಿನಗರ ಶಿಫ್ಟ್
ಬೆಳಕಿಂದು. ಎದುರಿಗೆ ಇರೋದು ‘ಡಾರ್ಕ್’ ತಾನೆ. ಹಗುರದ್ದಾದರೆ ಎದುರು ಪದ ‘ಹೆವಿ’ ಇರುತ್ತೆ.

ಬಳ್ಳಾರಿ ಜೀನ್ಸ್
ಹಂಗಾದ್ರೆ ಬೆಳಕಿನ ಲೈಟು ನೌನೂ ಆಯ್ತು, ಅಡ್ಜೆಕ್ಟಿವೂ ಆಯ್ತು. ‘ಲೈಟ್ ದಿ ಲ್ಯಾಂಪ್’ ಅಂದ್ರೆ ವರ್ಬೂ ಆಯ್ತು. ಈಗ ಅರ್ಥ ಆಯ್ತು ನೀವೆಲ್ಲಾ ಏನು ಕಿತ್ತಾಡ್ತಿದ್ದೀರಿ ಅಂತ.

ಕಾರಟಗಿ ಕಿರಾಣಿ
ಮೂಲ ಪ್ರಶ್ನೆಗೆ ಬರೋಣ. ಮಗಳು ಬರೆದಿದ್ದು ತಪ್ಪು ಅಂತ ಎಲ್ಲರೂ ಒಪ್ಪಿದ್ರಾ?

ಶಕ್ತಿನಗರ ಶಿಫ್ಟ್
ನಾನು ಒಪ್ಪಿಲ್ಲ. ಹಡಲ್‌ಸ್ಟನ್ ಮತ್ತು ಪುಲಮ್ ಅಂತ ಇಬ್ಬರು ಗ್ರಾಮರ್ ಪಂಡಿತರು ಇದ್ದಾರೆ. ಅವರು 2002ರಲ್ಲಿ ತಂದ ದೊಡ್ಡ ಗ್ರಾಮರ್ ಪ್ರಕಾರ ಇಂಥ ‘ರೌಂಡ್’ ಎರಡು ಕಡೆಯೂ ಪ್ರಿಪೊಸಿಷನ್ನೇ. ಅವರ ವಾದ ಹೀಗೆ. ‘ಶಿ ಏಟ್ ರೈಸ್’, ‘ಶಿ ಏಟ್’. ಅನ್ನ ಕಾಣಿಸಲಿಲ್ಲ ಅಂತ ‘ಏಟ್’ ವರ್ಬ್ ಅಲ್ಲ ಅಂತೀವಾ? ವರ್ಬ್‌ಗೆ ಆಬ್ಜೆಕ್ಟ್ ಇದ್ದರೂ ವರ್ಬ್, ಇಲ್ಲದಿದ್ದರೂ ವರ್ಬ್. ಹಾಗಾದರೆ ‘ರೌಂಡ್’ಗೆ ಮಾತ್ರ ಯಾಕೆ ಆಬ್ಜೆಕ್ಟ್ ಹೋದ ಕೂಡಲೆ ಜಾತಿ ಬದಲಾಯಿಸಬೇಕು? ‘ಇನ್’, ‘ಅಪ್’, ‘ಡೌನ್’ ಎಲ್ಲದಕ್ಕೂ ಇದೇ ಮಾತು.

ಗಂಗಾವತಿ ಟೀಚರ್
ವಾದ ಚೆನ್ನಾಗಿದೆ, ನನಗೂ ಇಷ್ಟ. ಆದರೆ ನಮ್ಮ ಶಾಲೆಯ ಪಾಠ, ಡಿಕ್ಷನರಿ, ಪರೀಕ್ಷೆಯ ಕೀ ಉತ್ತರ ಎಲ್ಲಾ ಹಳೇ ದಾರಿಯಲ್ಲೇ ಇವೆ. ಆಬ್ಜೆಕ್ಟ್ ಇಲ್ಲದಿದ್ದರೆ ಅಡ್ವರ್ಬ್. ಮಗು ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಿಪೊಸಿಷನ್ ಅಂತ ಬರೆದು, ಕೆಳಗೆ ಆ ಪಂಡಿತರ ಹೆಸರು ಬರೆದರೆ ಮಾರ್ಕ್ಸ್ ಬರುತ್ತಾ?

ಇನ್ನೊಂದು ವಿಷಯ, ಅವಳು ಅವರ ವಾದ ಇಟ್ಟುಕೊಂಡು ಬರೆದಿದ್ದಲ್ಲ. ‘ನೈಟ್’ ಆಬ್ಜೆಕ್ಟ್ ಅಂದುಕೊಂಡು ಬರೆದಳು. ಅದು ಆ ಇಬ್ಬರ ಲೆಕ್ಕದಲ್ಲೂ ತಪ್ಪೇ.

ಶಕ್ತಿನಗರ ಶಿಫ್ಟ್
ಕಾರಣ ಬರೆಯಿರಿ ಅಂತ ಪ್ರಶ್ನೆಯಲ್ಲಿ ಕೇಳಿಲ್ಲವಲ್ಲ. ಹೆಸರು ಮಾತ್ರ ಕೇಳಿದ್ದಾರೆ. ಅರ್ಧ ಮಾರ್ಕ್ ಕೊಡಲಿ.

ಗಂಗಾವತಿ ಟೀಚರ್
ನಾನಾದರೆ ಕೊಡಲ್ಲ. ಆದರೆ ಆ ನಿಯಮವನ್ನು ಅರ್ಧಕ್ಕೆ ಹೇಳಿಕೊಟ್ಟು, ಪರೀಕ್ಷೆಯಲ್ಲಿ ಈ ವಾಕ್ಯ ಇಟ್ಟಿದ್ದು ಸರಿಯಲ್ಲ. ‘ದಿ ಫ್ಯಾನ್ ವೆಂಟ್ ರೌಂಡ್’ ಅಂತ ನಿಲ್ಲಿಸಿದ್ದರೆ ಸಾಕಿತ್ತು. ‘ಆಲ್ ನೈಟ್’ ಬೇಕಂತಲೇ ಇಟ್ಟ ಬಲೆ.

ಪಿಡಿಒ ಕನಸು
ಮೇಡಂ, ‘ಟ್ರಾವೆಲ್ ಲೈಟ್’ನಲ್ಲಿ ‘ಲೈಟ್’ ಏನು? ಗೈಡಲ್ಲಿ ಅಡ್ವರ್ಬ್ ಅಂತಿದೆ. ಆದ್ರೆ ಚಂದ್ರನ ಥರ ನೋಡಿದ್ರೆ, ಲಗೇಜು ಕಡಿಮೆ ಇರೋದು ಪ್ರಯಾಣಿಕನ ಹತ್ತಿರ. ಅವನು ಹೇಗಿದ್ದಾನೆ ಅಂತ ತಾನೆ ಹೇಳ್ತಿದೆ?

ಗಂಗಾವತಿ ಟೀಚರ್
ಒಳ್ಳೆ ಪ್ರಶ್ನೆ. ಡಿಕ್ಷನರಿಗಳಲ್ಲಿ ಅಡ್ವರ್ಬ್ ಅಂತಲೇ ಕೊಡ್ತಾರೆ, ನೀವೂ ಅದನ್ನೇ ಟಿಕ್ ಮಾಡಿ. ಆದರೆ ‘ವಾಸ್’ ಪರೀಕ್ಷೆ ಇಲ್ಲಿ ಪೂರ್ತಿ ಪಾಸೂ ಆಗಲ್ಲ, ಪೂರ್ತಿ ಫೇಲೂ ಆಗಲ್ಲ. ‘ಹಿ ವಾಸ್ ಲೈಟ್’ ಅಂದರೆ ಅವನ ಮೈತೂಕ ಕಡಿಮೆ ಅಂತ ಆಗುತ್ತೆ, ಲಗೇಜಿನ ಮಾತು ಬರಲ್ಲ. ಅದಕ್ಕೆ ನಾನು ಅಡ್ವರ್ಬ್ ಕಡೆ ಇದ್ದೀನಿ.

ಶಕ್ತಿನಗರ ಶಿಫ್ಟ್
ನಾನು ಅಡ್ಜೆಕ್ಟಿವ್ ಕಡೆ. ‘ದೇ ಮ್ಯಾರೀಡ್ ಯಂಗ್’ ಅಂತಾರೆ. ‘ಯಂಗ್’ ಅಲ್ಲಿ ಮದುವೆಯಾದವರ ವಯಸ್ಸು ಹೇಳುತ್ತೆ, ಅದನ್ನು ಅಡ್ವರ್ಬ್ ಅಂತ ಹೇಳೋಕೆ ಯಾರಿಗೂ ಬಾಯಿ ಬರಲ್ಲ. ‘ಟ್ರಾವೆಲ್ ಲೈಟ್’ ಅದೇ ಅಚ್ಚಿನದು.

ಗಂಗಾವತಿ ಟೀಚರ್
‘ಯಂಗ್’ನಲ್ಲಿ ‘ವೆನ್ ದೇ ವರ್ ಯಂಗ್’ ಅಂತ ಬಿಡಿಸಬಹುದು ಸರ್. ‘ಲೈಟ್’ನಲ್ಲಿ ಹಾಗೆ ಬಿಡಿಸಿ ತೋರಿಸಿ.

ಶಕ್ತಿನಗರ ಶಿಫ್ಟ್
ನೈಟ್ ಶಿಫ್ಟ್ ಇದೆ, ಮುಗಿಸಿ ಬಂದು ತೋರಿಸ್ತೀನಿ.

ಕಾರಟಗಿ ಕಿರಾಣಿ
ಮಗಳಿಂದ ಇನ್ನೊಂದು. ‘ವಾಟರ್ ಫ್ಲೋಸ್ ಆಲ್ ಇಯರ್ ರೌಂಡ್’ ಅಂತ ಪಾಠದಲ್ಲಿದೆಯಂತೆ. ಇಲ್ಲಿ ನೌನು ‘ರೌಂಡ್’ನ ಹಿಂದೆ ಇದೆ. ‘ರೌಂಡ್ ದಿ ಇಯರ್’ ಅಂದರೂ ಅದೇ ಅರ್ಥ ಅಲ್ವಾ, ಹಾಗಾದ್ರೆ ಅದು ಪ್ರಿಪೊಸಿಷನ್, ಇದೂ ಪ್ರಿಪೊಸಿಷನ್ ಅಂತಾಳೆ.

ಗಂಗಾವತಿ ಟೀಚರ್
‘ರೌಂಡ್ ದಿ ಇಯರ್’ ಪ್ರಿಪೊಸಿಷನ್, ಒಪ್ಪಿದೆ. ‘ಆಲ್ ಇಯರ್ ರೌಂಡ್’ ಅಡ್ವರ್ಬ್ ಅಂತ ಬರೆಸ್ತೀವಿ. ‘ರೌಂಡ್’ ತೆಗೆದುಬಿಟ್ಟರೂ ‘ವಾಟರ್ ಫ್ಲೋಸ್ ಆಲ್ ಇಯರ್’ ನಿಲ್ಲುತ್ತಲ್ಲ, ಅಂದ್ರೆ ‘ಇಯರ್’ಗೆ ‘ರೌಂಡ್’ನ ಆಸರೆ ಬೇಕಾಗಿಲ್ಲ. ‘ರೌಂಡ್ ದಿ ಇಯರ್’ನಲ್ಲಿ ತೆಗೆದರೆ ‘ವಾಟರ್ ಫ್ಲೋಸ್ ದಿ ಇಯರ್’ ಅಂತಾಗಿ ವಾಕ್ಯ ಕೆಡುತ್ತೆ. ಅರ್ಥ ಒಂದೇ ಇದ್ದರೂ ಕಟ್ಟಿದ ರೀತಿ ಬೇರೆ.

ಸಿಂಧನೂರು ಸೋನಾ
ಗ್ರಾಮರ್ ಏನೋ ಸರಿ ಮೇಡಂ. ಎಡದಂಡೆ ಕಾಲುವೆ ಕೊನೇ ಭಾಗಕ್ಕೆ ಬಂದು ಆ ವಾಕ್ಯ ಓದಬೇಡಿ, ನಮ್ಮ ರೈತರು ‘ವಾಟರ್’ ಯಾವ ಪಾರ್ಟ್ ಆಫ್ ಸ್ಪೀಚ್ ಅಂತ ಮೊದಲು ಕೇಳ್ತಾರೆ.